“ಫ್ಲೋಟ್ ಬಳಸಬೇಡಿ” ಅಂತ ಬರೆದು ಕೈ ತೊಳ್ಕೊಳ್ಳೋ ರಿವ್ಯೂಗಾರರಿಗೆ

ಸಾಫ್ಟ್‌ವೇರ್ ಜಗತ್ತಿನಲ್ಲಿ ಕೋಡ್ ರಿವ್ಯೂ ಅನ್ನೋ ಒಂದು ಪದ್ಧತಿ ಇದೆ. ಒಬ್ಬ ಬರೆದ ಪ್ರೋಗ್ರಾಮನ್ನು ಇನ್ನೊಬ್ಬ ಓದಿ, ತಪ್ಪಿದ್ದರೆ ಹೇಳಬೇಕು. ಒಳ್ಳೆಯ ಪದ್ಧತಿಯೇ. ಆದರೆ ದುಡ್ಡಿನ ಲೆಕ್ಕದ ವಿಷಯಕ್ಕೆ ಬಂದಾಗ ಇದೊಂದು ಮಂತ್ರ ಹೇಳೋ ಕೆಲಸ ಆಗಿಬಿಟ್ಟಿದೆ. ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ಎಲ್ಲಾದರೂ float ಕಣ್ಣಿಗೆ ಬಿತ್ತೋ, ರಿವ್ಯೂ ಮಾಡೋ ಮಹಾಶಯರು “ದುಡ್ಡಿಗೆ ಫ್ಲೋಟ್ ಬಳಸಬೇಡಿ, Decimal ಹಾಕಿ” ಅಂತ ಒಂದು ಸಾಲು ಬರೆದು ಮುಂದಿನ ಫೈಲಿಗೆ ಹೋಗಿಬಿಡ್ತಾರೆ. ಬರೆದ ಹುಡುಗನೂ ನಾಲ್ಕು ಕಡೆ Decimal ಅಂತ ತುರುಕಿ “ಸರಿ ಮಾಡಿದೆ” ಅಂತಾನೆ. ಇಬ್ಬರಿಗೂ ಸಮಾಧಾನ. ಬಿಲ್ಲಿನಲ್ಲಿ ಪೈಸೆ ಮಾತ್ರ ಇನ್ನೂ ತಪ್ಪು!

ನನ್ನ ತಕರಾರು ಇಷ್ಟೇ. ಯಾವ ಬೆಲೆಗೆ ಎಷ್ಟು ಬರಬೇಕಿತ್ತು, ಈ ಸಾಲು ಎಷ್ಟು ಕೊಡುತ್ತೆ ಅಂತ ಅಂಕಿ ಹಿಡಿದು ತೋರಿಸದ ಕಾಮೆಂಟು ರಿವ್ಯೂ ಅಲ್ಲ, ಬರೀ ಉಪದೇಶ. ಉಪದೇಶದಿಂದ ಲೆಕ್ಕ ಸರಿಹೋಗಲ್ಲ. ಯಾಕೆ ಅಂತ ನಿಧಾನವಾಗಿ ನೋಡೋಣ, ನಮ್ಮದೇ ಜಿಎಸ್‌ಟಿ ಬಿಲ್ಲನ್ನು ಇಟ್ಕೊಂಡು.

ಮೊದಲು ಕಾಯಿಲೆ ಏನು ಅಂತ ತಿಳಿಯದವರಿಗೆ ಎರಡು ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ರೂಪಾಯಿಗೆ ಹದಿನಾರಾಣೆ. ಎಂಟಾಣೆ ಅಂದ್ರೆ ಅರ್ಧ, ನಾಲ್ಕಾಣೆ ಅಂದ್ರೆ ಕಾಲು, ಎರಡಾಣೆ ಅಂದ್ರೆ ಅರೆಕಾಲು, ಒಂದಾಣೆ ಅಂದ್ರೆ ಹದಿನಾರರಲ್ಲಿ ಒಂದು. ಎಲ್ಲವೂ ಅರ್ಧ, ಅರ್ಧದ ಅರ್ಧ, ಅದರ ಅರ್ಧ. ಕಂಪ್ಯೂಟರಿನ ಫ್ಲೋಟ್ ಸಂಖ್ಯೆಯೂ ಹೀಗೇ ಅರ್ಧ ಮಾಡ್ತಾ ಮಾಡ್ತಾ ಕೂಡಿಸಿದ ಸಂಖ್ಯೆ. ಆದ್ದರಿಂದ ಅದಕ್ಕೆ ಆಣೆ ಲೆಕ್ಕ ಸಲೀಸು. 1957ರಲ್ಲಿ ಸರ್ಕಾರ ಆಣೆ ತೆಗೆದು ರೂಪಾಯಿಗೆ ನೂರು ನಯಾ ಪೈಸೆ ಮಾಡ್ತಲ್ಲ, ಆ ಪೈಸೆ ಇದಕ್ಕೆ ನುಂಗಲಾರದ ತುತ್ತು. ನೂರರಲ್ಲಿ ಒಂದು ಅನ್ನೋದನ್ನು ಎಷ್ಟು ಸಲ ಅರ್ಧ ಮಾಡಿ ಕೂಡಿಸಿದರೂ ಸರಿಯಾಗಿ ಮುಟ್ಟೋಕಾಗಲ್ಲ. ಮೂರರಲ್ಲಿ ಒಂದನ್ನು ನಾವು 0.3333... ಅಂತ ಬರೀತಾ ಹೋದ ಹಾಗೆ. 0 ಇಂದ 99ರ ತನಕದ ಪೈಸೆಗಳಲ್ಲಿ ಫ್ಲೋಟ್ ಸರಿಯಾಗಿ ಹಿಡಿಯಬಲ್ಲದ್ದು ನಾಲ್ಕೇ ನಾಲ್ಕು: 0, 25, 50, 75. ಮಿಕ್ಕ 96ನ್ನೂ ಹತ್ತಿರದ ಇನ್ನೊಂದು ಸಂಖ್ಯೆಯಾಗಿ ಬರ್ಕೊಳ್ಳುತ್ತೆ.

ಎಷ್ಟು ಹತ್ತಿರ? ತುಂಬಾ ಹತ್ತಿರ. 0.09 ಅಂತ ನೀವು ಬರೆದರೆ ಒಳಗೆ ಕೂರೋದು 0.08999999999999999667 ಹೀಗೇನೋ. ಹದಿನೇಳು ಮನೆ ದಾಟಿದ ಮೇಲೆ ವ್ಯತ್ಯಾಸ. “ಇದರಿಂದ ಏನಾಗುತ್ತೆ ಬಿಡಿ” ಅಂತೀರಾ? ಏನೂ ಆಗಲ್ಲ, ಒಂದು ಜಾಗ ಬಿಟ್ಟು. ಉತ್ತರ ಸರಿಯಾಗಿ ಅರ್ಧ ಪೈಸೆಯ ಮೇಲೆ ಬಿದ್ದಾಗ! ತಕ್ಕಡಿ ಸಮ ನಿಂತಾಗ ಒಂದು ಸಾಸಿವೆ ಕಾಳು ಬಿದ್ದರೂ ಒಂದು ಕಡೆ ವಾಲುತ್ತಲ್ಲ, ಹಾಗೆ.

ಈಗ ಬಿಲ್ಲಿಗೆ ಬರೋಣ. 18 ಪರ್ಸೆಂಟ್ ಜಿಎಸ್‌ಟಿ ಇರೋ ಸಾಮಾನು, ರಾಜ್ಯದೊಳಗಿನ ಮಾರಾಟ. ಅಂದ್ರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9. ಬೆಲೆ 11 ರೂಪಾಯಿ 50 ಪೈಸೆ. ಕೈಯಲ್ಲೇ ಮಾಡಿ: 11.50ರ 9 ಪರ್ಸೆಂಟ್ ಅಂದ್ರೆ 1.035. ಅರ್ಧ ಪೈಸೆ ಬಂದರೆ ಮೇಲಕ್ಕೆ ಅಂತ ನಮ್ಮ ಅಂಗಡಿ ಲೆಕ್ಕ, ಹಾಗಾಗಿ 1.04. ಇದನ್ನೇ ಪೈಥಾನಿನಲ್ಲಿ ಮಾಡಿ ನೋಡಿ, ಜೊತೆಗೆ ಇನ್ನು ಮೂರು ಬೆಲೆ:

```python
round(11.5 * 0.09, 2)   # 1.03
round(12.5 * 0.09, 2)   # 1.12
round(13.5 * 0.09, 2)   # 1.21
round(15.5 * 0.09, 2)   # 1.4
```

ಬರಬೇಕಾದ್ದು 1.04, 1.13, 1.22, 1.40. ನಾಲ್ಕರಲ್ಲಿ ಮೂರು ತಪ್ಪು, ಒಂದು ಸರಿ. ನಮ್ಮ ರಿವ್ಯೂಗಾರರು “ನೋಡಿದ್ರಾ, ಫ್ಲೋಟ್!” ಅಂತ ಎದೆ ತಟ್ಕೋತಾರೆ. ಸ್ವಲ್ಪ ತಡೀರಿ ಸ್ವಾಮಿ. ಆ ಮೂರು ತಪ್ಪಿಗೆ ಕಾರಣ ಒಂದೇ ಅಲ್ಲ.

11.50ರದ್ದು ನಿಜಕ್ಕೂ ಫ್ಲೋಟಿನ ತಪ್ಪು. ಗುಣಾಕಾರದ ಉತ್ತರ ಪರದೆ ಮೇಲೆ 1.035 ಅಂತಲೇ ಕಾಣುತ್ತೆ, ಆದರೆ ಒಳಗಿರೋದು 1.03499999999999992. ಅರ್ಧಕ್ಕಿಂತ ಒಂದು ಕೂದಲೆಳೆ ಕಡಿಮೆ, ಆದ್ದರಿಂದ ಕೆಳಕ್ಕೆ.

12.50ರದ್ದು ಫ್ಲೋಟಿನ ತಪ್ಪೇ ಅಲ್ಲ! 1.125 ಅಂದ್ರೆ ಒಂದು ರೂಪಾಯಿ ಎರಡಾಣೆ, ಫ್ಲೋಟಿಗೆ ಸಲೀಸಾದ ಸಂಖ್ಯೆ. ಗುಣಾಕಾರದ ಉತ್ತರವೂ ಸರಿಯಾಗಿ 1.125 ಅಂತಲೇ ಬರುತ್ತೆ. ಇಲ್ಲಿ 1.12 ಆಗಿದ್ದು ಯಾಕೆ ಅಂದ್ರೆ, ಪೈಥಾನಿನ round ಸರಿಯಾಗಿ ನಡುವೆ ಬಿದ್ದಾಗ ಕೊನೆಯ ಅಂಕಿ ಸಮಸಂಖ್ಯೆ ಆಗೋ ಕಡೆಗೆ ಹೋಗುತ್ತೆ. 2 ಸಮ, 3 ಬೆಸ, ಹಾಗಾಗಿ 1.12. ಇದು ಅವರ ನಿಯಮ, ದೋಷ ಅಲ್ಲ. ಇದೇ ಸಂಖ್ಯೆಯನ್ನು ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿ toFixed(2) ಮಾಡಿದರೆ 1.13 ಬರುತ್ತೆ, ಯಾಕೆಂದ್ರೆ ಅವರ ನಿಯಮ ಬೇರೆ. ಗಿರಾಕಿಯ ಪರದೆ ಮೇಲೆ 1.13, ಸರ್ವರಿನ ಬಿಲ್ಲಿನಲ್ಲಿ 1.12. ಗಿರಾಕಿ ಕೇಳಿದರೆ ಯಾರು ಉತ್ತರ ಹೇಳೋದು?

13.50ರದ್ದು ಇನ್ನೂ ಮಜಾ. 0.09ರಿಂದ ಗುಣಿಸೋ ಬದಲು 9ರಿಂದ ಗುಣಿಸಿ 100ರಿಂದ ಭಾಗಿಸಿ ನೋಡಿ:

```python
round(13.5 * 0.09, 2)     # 1.21
round(13.5 * 9 / 100, 2)  # 1.22
```

ಶಾಲೆ ಲೆಕ್ಕದಲ್ಲಿ ಎರಡೂ ಒಂದೇ. ಇಲ್ಲಿ ಒಂದು ಪೈಸೆ ಬೇರೆ. ಮೊದಲನೆಯದರಲ್ಲಿ 0.09ರ ಕೊರತೆಯೂ ಸೇರ್ಕೊಂಡು ಉತ್ತರ 1.2149999999999999 ಆಗುತ್ತೆ. ಎರಡನೆಯದರಲ್ಲಿ 121.5 ಸರಿಯಾಗೇ ಬಂದು, ಕೊನೆಯ ಭಾಗಾಕಾರದಲ್ಲಿ 1.215ಕ್ಕಿಂತ ಕೂದಲೆಳೆ ಮೇಲೆ ಕೂರುತ್ತೆ. ಯಾರೋ “ಸ್ವಲ್ಪ ಚೊಕ್ಕ ಮಾಡ್ತೀನಿ” ಅಂತ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಹಳೇ ಬಿಲ್ಲಿಗೂ ಹೊಸ ಬಿಲ್ಲಿಗೂ ತಾಳೆ ಆಗಲ್ಲ. ಅಂಥ ಬದಲಾವಣೆಯನ್ನು ರಿವ್ಯೂನಲ್ಲಿ ಹಿಡಿಯದೆ ಇನ್ನೆಲ್ಲಿ ಹಿಡೀತೀರಿ?

*

ಸರಿ, ರಿವ್ಯೂಗಾರರ ಮಾತು ಕೇಳಿ Decimal ಹಾಕಿದ್ದಾಯ್ತು ಅಂದ್ಕೊಳ್ಳಿ. ಇದು ನಾವು ಬರೆಯೋ ಹಾಗೇ ಹತ್ತರ ಲೆಕ್ಕದಲ್ಲಿ ಸಂಖ್ಯೆ ಇಟ್ಕೊಳ್ಳೋ ಸಾಧನ, ಒಳ್ಳೆಯದೇ. ಆದರೆ ನೋಡಿ:

```python
from decimal import Decimal as D, ROUND_HALF_UP
p = D("0.01")
(D("11.50") * D(0.09)).quantize(p, ROUND_HALF_UP)    # 1.03
(D("12.50") * D("0.09")).quantize(p)                 # 1.12
(D("12.50") * D("0.09")).quantize(p, ROUND_HALF_UP)  # 1.13
```

ಮೊದಲ ಸಾಲಿನಲ್ಲಿ 0.09ಕ್ಕೆ ಉದ್ಧರಣ ಚಿಹ್ನೆ ಇಲ್ಲ. ಅಂದ್ರೆ ಮೊದಲು ಅದು ಫ್ಲೋಟ್ ಆಗಿ, ಕೊರತೆ ಹೊತ್ಕೊಂಡು, ಆಮೇಲೆ Decimal ಒಳಗೆ ಹೋಗ್ತಿದೆ. ನೀರು ಬೆರೆಸಿದ ಹಾಲನ್ನು ಬೆಳ್ಳಿ ಲೋಟಕ್ಕೆ ಸುರಿದ ಹಾಗೆ. ಲೋಟ ಬದಲಾಯ್ತು, ಹಾಲು ಅದೇ. ಎರಡನೆಯ ಸಾಲಿನಲ್ಲಿ ಸಂಖ್ಯೆಗಳೆಲ್ಲ ಸರಿ, ಆದರೆ ಯಾವ ಕಡೆ ಪೂರ್ಣ ಮಾಡಬೇಕು ಅಂತ ಹೇಳಿಲ್ಲ. ಹೇಳದಿದ್ದರೆ ಇದೂ ಸಮಸಂಖ್ಯೆ ಕಡೆಗೇ ಹೋಗುತ್ತೆ. ಮೂರನೆಯದು ಮಾತ್ರ ನಮಗೆ ಬೇಕಾದ್ದು. “Decimal ಹಾಕಿ” ಅನ್ನೋ ಕಾಮೆಂಟಿಗೆ ಈ ಮೂರೂ ಸಾಲು ಪಾಸ್! ಅದಕ್ಕೇ ಹೇಳಿದ್ದು, ಉಪದೇಶ ಅಂತ.

ಇನ್ನು ಕೆಲವರು ಇದಕ್ಕಿಂತ ಜಾಣರು. ಫ್ಲೋಟೇ ಇರಲಿ, ಪೂರ್ಣ ಮಾಡೋ ಮುಂಚೆ ಚೂರು ಕೂಡಿಸಿಬಿಟ್ರೆ ಆಯ್ತು ಅಂತಾರೆ. ಜಾವಾಸ್ಕ್ರಿಪ್ಟಿನವರ ಹತ್ತಿರ ಇದಕ್ಕೊಂದು ಕೈಮದ್ದು ಇದೆ:

```js
Math.round((11.5 * 0.09 + Number.EPSILON) * 100) / 100  // 1.04
Math.round((46.5 * 0.09 + Number.EPSILON) * 100) / 100  // 4.18
```

11.50ಕ್ಕೆ ಕೆಲಸ ಮಾಡ್ತು. 46.50ಕ್ಕೆ 4.185 ಬಂದು 4.19 ಆಗಬೇಕಿತ್ತು, 4.18 ಆಯ್ತು. ಕಾರಣ ಇಷ್ಟೇ: ಸಂಖ್ಯೆ ದೊಡ್ಡದಾದ ಹಾಗೆ ಫ್ಲೋಟಿನ ಎರಡು ಪಕ್ಕದ ಮನೆಗಳ ನಡುವಿನ ದೂರವೂ ಹೆಚ್ಚುತ್ತೆ. ಈ Number.EPSILON ಅನ್ನೋ ಚೂರು ಒಂದರ ಹತ್ತಿರದ ಸಂಖ್ಯೆಗೆ ಹೊಲಿದ ಅಂಗಿ. ನಾಲ್ಕು ದಾಟಿದ ಮೇಲೆ ಅದನ್ನು ಕೂಡಿಸಿದರೂ ಕೂಡಿಸದಿದ್ದರೂ ಒಂದೇ. ಸಣ್ಣ ಮೊತ್ತಕ್ಕೆ ಪರೀಕ್ಷೆ ಮಾಡಿ ಖುಷಿಪಟ್ಟವರಿಗೆ ದೊಡ್ಡ ಬಿಲ್ಲಿನಲ್ಲಿ ಕೈಕೊಡೋ ಮದ್ದು ಇದು.

*

ಈಗ ನನಗೆ ನಿಜಕ್ಕೂ ಸಿಟ್ಟು ಬರಿಸೋ ವಿಷಯಕ್ಕೆ ಬರ್ತೀನಿ. ಫ್ಲೋಟಿನ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಪೂರ್ಣ ಮಾಡೋದು ಎಲ್ಲಿ? ಸಾಲುಸಾಲಿಗೋ, ಬಿಲ್ಲಿನ ಕೊನೆಗೋ?

11.50ರ ಹತ್ತು ಬೇರೆ ಬೇರೆ ಸಾಮಾನು ಒಂದೇ ಬಿಲ್ಲಿನಲ್ಲಿ ಇದೆ ಅಂದ್ಕೊಳ್ಳಿ. ಒಟ್ಟು 115 ರೂಪಾಯಿ. ಅದರ 9 ಪರ್ಸೆಂಟ್ 10.35, ಅರ್ಧ ಪೈಸೆ ತಂಟೆಯೇ ಇಲ್ಲ. ಆದರೆ ಸಾಲುಸಾಲಿಗೆ ಸರಿಯಾಗಿ ಪೂರ್ಣ ಮಾಡಿ ಕೂಡಿಸಿದರೆ 1.04 ಹತ್ತು ಸಲ, 10.40. ಫ್ಲೋಟಿನಲ್ಲಿ ಸಾಲುಸಾಲಿಗೆ ಮಾಡಿದರೆ 10.30. ಮೂರು ಉತ್ತರ! ಅದರಲ್ಲಿ 10.30 ಮಾತ್ರ ತಪ್ಪು ಅಂತ ಕಣ್ಣು ಮುಚ್ಚಿ ಹೇಳಬಹುದು. 10.35 ಮತ್ತು 10.40ರಲ್ಲಿ ಯಾವುದು ಸರಿ ಅನ್ನೋದು ಕಂಪ್ಯೂಟರಿನ ಪ್ರಶ್ನೆ ಅಲ್ಲ, ಲೆಕ್ಕ ಬರೆಯೋರು ಮೊದಲೇ ನಿರ್ಧರಿಸಿ ಹೇಳಬೇಕಾದ್ದು. Decimal ಇದಕ್ಕೆ ಉತ್ತರ ಕೊಡಲ್ಲ. ಎಷ್ಟು ಮನೆ ಬೇಕಾದರೂ ಲೆಕ್ಕ ಮಾಡಿ, ಈ ಐದು ಪೈಸೆ ಹೋಗಲ್ಲ.

ಒಂದೇ ಸಾಮಾನಿನಲ್ಲೂ ಇದೇ ಕಥೆ. 11.50ರ 18 ಪರ್ಸೆಂಟ್ ಅಂದ್ರೆ 2.07, ಅಚ್ಚುಕಟ್ಟು. ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು ಮಾಡಿದರೆ ತಲಾ 1.035. ತಲಾ 1.04 ಅಂದ್ರೆ 2.08, ತಲಾ 1.03 ಅಂದ್ರೆ 2.06. ಪೈಸೆಯಲ್ಲಿ ಸಮಪಾಲು ಬೇಕು ಅಂದ್ರೆ 2.07 ಬರೋಕೆ ಸಾಧ್ಯವೇ ಇಲ್ಲ. ಪ್ರೋಗ್ರಾಮಿನ ಒಂದು ಮೂಲೆಯಲ್ಲಿ 18ರಿಂದ, ಇನ್ನೊಂದು ಮೂಲೆಯಲ್ಲಿ 9 ಮತ್ತು 9ರಿಂದ ಲೆಕ್ಕ ಹಾಕಿದ್ದರೆ, ಎರಡೂ ಕಡೆ ಕೋಡು “ಸರಿ”, ಬಿಲ್ಲು ಮಾತ್ರ ತಾಳೆ ಆಗಲ್ಲ.

ಕಾನೂನು ಏನು ಹೇಳುತ್ತೆ? 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ಕೊಡಬೇಕಾದ ತೆರಿಗೆ, ಬಡ್ಡಿ, ದಂಡ ಮುಂತಾದ ಮೊತ್ತವನ್ನು ಹತ್ತಿರದ ರೂಪಾಯಿಗೆ ಪೂರ್ಣ ಮಾಡಬೇಕು. 50 ಪೈಸೆ ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಬಿಟ್ಟುಬಿಡೋದು. ಬಿಲ್ಲಿನ ಒಂದೊಂದು ಸಾಲಿನ ಅರ್ಧ ಪೈಸೆಯನ್ನು ಏನು ಮಾಡಬೇಕು ಅಂತ ಆ ಸೆಕ್ಷನ್ ಹೇಳಲ್ಲ. ಆದರೆ ರೂಪಾಯಿ ಲೆಕ್ಕಕ್ಕೆ ಅದು ಹೇಳಿರೋದು ಸ್ಪಷ್ಟ: 10.50 ಇದ್ದರೆ 11. ಪೈಥಾನಿನಲ್ಲಿ round(10.5) ಮಾಡಿ ನೋಡಿ, 10 ಬರುತ್ತೆ. ಇಲ್ಲಿ ಫ್ಲೋಟಿನ ಕೊರತೆ ಎಳ್ಳಷ್ಟೂ ಇಲ್ಲ. ಕಾಯ್ದೆ ಒಂದು ಹೇಳುತ್ತೆ, ಕೋಡು ಇನ್ನೊಂದು ಮಾಡುತ್ತೆ, ಅಷ್ಟೇ. “ಫ್ಲೋಟ್ ಇದೆಯಾ” ಅಂತ ಮಾತ್ರ ಹುಡುಕೋ ಕಣ್ಣಿಗೆ ಇದು ಯಾವತ್ತೂ ಬೀಳಲ್ಲ.

“ಹೋಗ್ಲಿ ಬಿಡಿ, ಒಂದು ಪೈಸೆ ತಾನೆ, ಪೈಸೆ ನಾಣ್ಯವೇ ಈಗ ಇಲ್ಲ” ಅನ್ನೋರೂ ಇದ್ದಾರೆ. ಒಂದು ಪೈಸೆ ಆ ಕಡೆ ಈ ಕಡೆ ಆದರೆ ನಾನೂ ಬಿಡ್ತಿದ್ದೆ. ಮೇಲಿನ ಮೂರು ತಪ್ಪನ್ನು ಇನ್ನೊಮ್ಮೆ ನೋಡಿ: ಮೂರೂ ಕೆಳಗೇ ಹೋಗಿವೆ. ಒಂದೇ ಕಡೆ ವಾಲೋ ತಪ್ಪು ಎಂಥದ್ದು ಅನ್ನೋದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆ ಇದೆ. 1982ರ ಜನವರಿಯಲ್ಲಿ ಅವರ ಸೂಚ್ಯಂಕ 1000ದಿಂದ ಶುರುವಾಯ್ತು. ಪ್ರತಿ ಸಲ ಹೊಸ ಲೆಕ್ಕ ಮಾಡಿದಾಗ ಮೂರು ದಶಮಾಂಶ ಮನೆ ಇಟ್ಕೊಂಡು ಮಿಕ್ಕಿದ್ದನ್ನು ಪೂರ್ಣ ಮಾಡದೆ ಕತ್ತರಿಸ್ತಿದ್ರು. ದಿನಕ್ಕೆ ಸಾವಿರಾರು ಸಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 520ರ ಆಸುಪಾಸಿಗೆ ಇಳಿದಿತ್ತು. ಸರಿಪಡಿಸಿದ ಮೇಲೆ ಬಂದದ್ದು 1098ಕ್ಕಿಂತ ಮೇಲೆ! ಅಲ್ಲಿ ನಡೆದದ್ದು ಕತ್ತರಿಸೋ ತಪ್ಪು, ಫ್ಲೋಟಿನದಲ್ಲ. ಆದರೆ ಪಾಠ ಒಂದೇ: ತಪ್ಪು ಸಣ್ಣದಾ ಅಂತ ಕೇಳಿದರೆ ಸಾಲದು, ಅದು ಯಾವ ಕಡೆ ವಾಲುತ್ತೆ, ಮತ್ತೆ ಅದರ ಮೇಲೇ ಮುಂದಿನ ಲೆಕ್ಕ ಕಟ್ತೀರಾ ಅಂತಲೂ ಕೇಳಬೇಕು.

*

ಹಾಗಾದರೆ ರಿವ್ಯೂನಲ್ಲಿ ಹೇಗೆ ಬರೀಬೇಕು? ಬೈದವನು ದಾರಿಯನ್ನೂ ತೋರಿಸಬೇಕಲ್ಲ :-)

ಮೊದಲ ಕೆಲಸ, ಅರ್ಧ ಪೈಸೆ ಬೀಳೋ ಬೆಲೆ ಹುಡುಕೋದು. ಇದು ಕಷ್ಟ ಅಲ್ಲ. 9 ಪರ್ಸೆಂಟಿಗೆ 50 ಪೈಸೆಯಲ್ಲಿ ಮುಗಿಯೋ ಬೆಲೆಗಳು ಮಾತ್ರ ಸರಿಯಾಗಿ ಅರ್ಧದ ಮೇಲೆ ಬೀಳ್ತವೆ. ಪೂರ್ತಿ ರೂಪಾಯಿ ಬೆಲೆ ಯಾವತ್ತೂ ಬೀಳಲ್ಲ. ಪರೀಕ್ಷೆ ಬರೆಯೋರು 100, 500, 999 ಅಂತಲೇ ಹಾಕ್ತಾರೆ ನೋಡಿ, ಅದಕ್ಕೇ ಎಲ್ಲ ಹಸಿರು ದೀಪ! ಆದರೆ 30 ರೂಪಾಯಿ ಸಾಮಾನಿಗೆ 5 ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರೆ 28.50 ಆಯ್ತಲ್ಲ, ಅಂಗಡಿಯಲ್ಲಿ ಇಂಥ ಬೆಲೆ ದಿನಾ ಹುಟ್ಟುತ್ತೆ. 5 ಪರ್ಸೆಂಟ್ ಜಿಎಸ್‌ಟಿ ಆದರೆ ತಲಾ ಎರಡೂವರೆ. ಅಲ್ಲಿ 1, 3, 13 ಹೀಗೆ ಬೆಸ ಸಂಖ್ಯೆಯ ರೂಪಾಯಿಗಳೇ ಸಾಕು.

ಎರಡನೆಯದು, ಆ ಬೆಲೆಯನ್ನು ಕೋಡಿಗೆ ಹಾಕಿ ಓಡಿಸಿ, ಬಂದದ್ದನ್ನೇ ಕಾಮೆಂಟಿನಲ್ಲಿ ಬರೆಯೋದು. ಹೀಗೆ:

“ಬೆಲೆ 12.50, ದರ 9 ಪರ್ಸೆಂಟ್. ಬರಬೇಕಾದ್ದು 1.13, ಈ ಸಾಲು ಕೊಡೋದು 1.12. ಇಲ್ಲಿ ಫ್ಲೋಟಿನ ಕೊರತೆ ಇಲ್ಲ, round ಸಮಸಂಖ್ಯೆ ಕಡೆಗೆ ಹೋಗ್ತಿದೆ. 11.50ಕ್ಕೆ 1.04 ಬದಲು 1.03 ಬರ್ತಿದೆ, ಅದು ಫ್ಲೋಟಿನ ಕೊರತೆ. ಪೈಸೆಯನ್ನು ಪೂರ್ಣಾಂಕವಾಗಿ ಇಟ್ಟು ಮಾಡಿದರೆ ಎರಡೂ ಸರಿಹೋಗುತ್ತೆ. ಈ ಎರಡು ಬೆಲೆಯನ್ನು ಪರೀಕ್ಷೆಗೆ ಸೇರಿಸಿ. ಸಾಲಿಗೆ ಪೂರ್ಣ ಮಾಡಬೇಕಾ, ಬಿಲ್ಲಿಗಾ ಅಂತ ಲೆಕ್ಕದವರನ್ನು ಕೇಳಿ, ಉತ್ತರವನ್ನು ಇಲ್ಲೇ ಬರೆದಿಡಿ. ಅದು ತೀರ್ಮಾನ ಆಗೋ ತನಕ ಒಳಗೆ ಸೇರಿಸೋದು ಬೇಡ.”

ಇದನ್ನು ಓದಿದವನಿಗೆ ವಾದ ಮಾಡೋಕೆ ಜಾಗ ಇಲ್ಲ, ತಪ್ಪಿಸಿಕೊಳ್ಳೋಕೂ ಜಾಗ ಇಲ್ಲ. ಬೇಕಿದ್ದರೆ ತಾನೇ ಓಡಿಸಿ ನೋಡಬಹುದು. ಪೈಸೆ ಪೂರ್ಣಾಂಕ ಅಂದೆನಲ್ಲ, ಅದು ಇಷ್ಟೇ:

```python
(1150 * 9 + 50) // 100   # 104
(1250 * 9 + 50) // 100   # 113
```

1150 ಪೈಸೆ, 9ರಿಂದ ಗುಣಿಸಿ, 50 ಕೂಡಿಸಿ, 100ರಿಂದ ಭಾಗಿಸಿ ಶೇಷ ಬಿಡೋದು. ಅರ್ಧ ಮೇಲಕ್ಕೆ ಅನ್ನೋ ನಿಯಮ ಕಣ್ಣಿಗೇ ಕಾಣುತ್ತೆ, ಯಾವ ಭಾಷೆಯ ಯಾವ ನಿಯಮಕ್ಕೂ ಕಾಯಬೇಕಾಗಿಲ್ಲ. ಮಾಲು ವಾಪಸ್ ಬಂದು ಮೊತ್ತ ಋಣ ಆದರೆ ಇದೇ ಸಾಲು ಕೆಲಸಕ್ಕೆ ಬರಲ್ಲ. ಧನ ಮೊತ್ತದಲ್ಲಿ ಲೆಕ್ಕ ಮಾಡಿ ಆಮೇಲೆ ಚಿಹ್ನೆ ಹಾಕಬೇಕು. ಇಲ್ಲದಿದ್ದರೆ ಮಾರಿದಾಗ 104, ವಾಪಸ್ ಬಂದಾಗ 103 ಆಗಿ ಒಂದು ಪೈಸೆ ನಡುವೆ ಉಳ್ಕೊಳ್ಳುತ್ತೆ.

ಮೂರನೆಯದು, ಎಲ್ಲಿ ಸುಮ್ಮನಿರಬೇಕು ಅನ್ನೋದು. ತಿಂಗಳ ಮಾರಾಟದ ಗ್ರಾಫ್ ಬಿಡಿಸೋ ಕಡೆ ಫ್ಲೋಟ್ ಇದ್ದರೆ ಇರಲಿ, ಅಲ್ಲಿ ಪೈಸೆ ಯಾರಿಗೂ ಕಾಣಲ್ಲ. ಪೈಸೆಗಳನ್ನೇ ಪೂರ್ಣಾಂಕವಾಗಿ ಫ್ಲೋಟಿನಲ್ಲಿ ಇಟ್ಟು ಬರೀ ಕೂಡೋದು ಕಳೆಯೋದು ಮಾಡಿದರೂ ತೊಂದರೆ ಇಲ್ಲ. 9007199254740992ರ ತನಕ, ಅಂದ್ರೆ ಸುಮಾರು 90 ಲಕ್ಷ ಕೋಟಿ ರೂಪಾಯಿ ತನಕ, ಅದು ಒಂದು ಪೈಸೆಯೂ ತಪ್ಪಲ್ಲ. ಬಿಲ್ಲಿನಲ್ಲಿ ಅಚ್ಚಾಗೋ ಮೊತ್ತ, ಡೇಟಾಬೇಸಿನಲ್ಲಿ ಉಳಿಯೋ ಮೊತ್ತ, ಇನ್ನೊಂದು ಮೊತ್ತದ ಜೊತೆ “ಸಮ ಇದೆಯಾ” ಅಂತ ಹೋಲಿಸೋ ಮೊತ್ತ, ಈ ಮೂರು ಕಡೆ ಮಾತ್ರ ಪಟ್ಟು ಹಿಡೀರಿ. ಎಲ್ಲ ಕಡೆ ಕೂಗಿದರೆ ತೋಳ ಬಂದಾಗ ಯಾರೂ ಕೇಳಲ್ಲ.

ಕೊನೆಗೆ ಈ ಪೈಸೆ ಬಂದು ಬೀಳೋದು ಕೋಡ್ ಬರೆದವನ ತಲೆ ಮೇಲಲ್ಲ, ರಿವ್ಯೂ ಮಾಡಿದವನ ತಲೆ ಮೇಲೂ ಅಲ್ಲ. ತಿಂಗಳ ಕೊನೆಗೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಕೊಂಡು, ಹದಿನೇಳು ಪೈಸೆ ಎಲ್ಲಿ ಹೋಯ್ತು ಅಂತ ರಾತ್ರಿ ಎಂಟರ ತನಕ ಹುಡುಕೋ ಲೆಕ್ಕದವರ ತಲೆ ಮೇಲೆ. ಅವರಿಗೆ 0.09ರ ಒಳಗೆ ಏನಿದೆ ಅಂತ ಗೊತ್ತಿರಬೇಕಾಗಿಲ್ಲ. ನಿಮಗೆ ಗೊತ್ತಿದೆ. ಹಾಗಾಗಿ ಮುಂದಿನ ಸಲ “ಫ್ಲೋಟ್ ಬಳಸಬೇಡಿ” ಅಂತ ಟೈಪ್ ಮಾಡೋ ಮುಂಚೆ 11.50, 12.50, 13.50 ಹಾಕಿ ನೋಡಿ, ಬಂದದ್ದನ್ನು ಬರೀರಿ.

ನಿಮ್ಮ ಭಾಷೆಯಲ್ಲಿ, ನಿಮ್ಮ ಡೇಟಾಬೇಸಿನಲ್ಲಿ ಈ ಮೂರು ಬೆಲೆ ಏನು ಕೊಡುತ್ತೆ? ಹೇಳ್ತೀರಲ್ಲ?